ಒಟಿಪಿ ಬರೋ ತನಕ ಕಣ್ಣು ಎಲ್ಲಿರಬೇಕು? ಕಂಪ್ಯೂಟರ್ ತಲೆನೋವಿಗೆ ಕಾರಣ ಏನು, ಮಾಡೋದೇನು

ಯಾದಗಿರಿ: ಪಹಣಿ, ಬೆಳೆ ವಿಮೆ, ಜಾತಿ-ಆದಾಯ ಪ್ರಮಾಣ ಪತ್ರ, ರೇಷನ್ ಕಾರ್ಡ್ ತಿದ್ದುಪಡಿ. ಯಾವ ಕೆಲಸ ಹಿಡಿದರೂ ಈಗ ಕಂಪ್ಯೂಟರ್ ಮುಂದೆಯೇ ಆಗಬೇಕು. ಯಾದಗಿರಿ, ಶಹಾಪುರ, ಸುರಪುರದ ಕಚೇರಿಗಳಲ್ಲಿ, ಆನ್‌ಲೈನ್ ಸೆಂಟರ್‌ಗಳಲ್ಲಿ ಆಪರೇಟರ್‌ಗಳು ಬೆಳಿಗ್ಗೆ ಕೂತರೆ ಸಂಜೆ ತನಕ ಸ್ಕ್ರೀನ್ ನೋಡುತ್ತಲೇ ಇರುತ್ತಾರೆ. ಮಧ್ಯಾಹ್ನ ಮೂರು ಗಂಟೆ ದಾಟಿತೆಂದರೆ ಹುಬ್ಬಿನ ಮೇಲೆ ಒತ್ತಿದಂಗ ಆಗೋದು, ಕಣ್ಣು ಉರಿಯೋದು ಶುರು. ಒಂದು ಚಹಾ, ಒಂದು ತಲೆನೋವಿನ ಗುಳಿಗೆ, ಮತ್ತೆ ಕೆಲಸ.

ಈ ನೋವು ಗುಳಿಗೆಯಿಂದ ಆ ಹೊತ್ತಿಗೆ ಕಡಿಮೆ ಆಗಬಹುದು. ಆದರೆ ನೋವು ಹುಟ್ಟೋದು ಕೂತ ಜಾಗದಲ್ಲಿ ಮತ್ತು ನೋಡುವ ರೀತಿಯಲ್ಲಿ. ಅದನ್ನು ಸರಿ ಮಾಡದಿದ್ದರೆ ಮರುದಿನ ಮತ್ತೆ ಅದೇ ಕಥೆ.

ಕಣ್ಣಿನೊಳಗೆ ಏನಾಗುತ್ತದೆ?

ದೂರದ ವಸ್ತು ನೋಡುವಾಗ ಕಣ್ಣಿನೊಳಗಿನ ಸಣ್ಣ ಸ್ನಾಯು ಸಡಿಲವಾಗಿರುತ್ತದೆ. ಹತ್ತಿರದ್ದನ್ನು ನೋಡಬೇಕಾದರೆ ಅದು ಬಿಗಿಯಬೇಕು. ಸ್ಕ್ರೀನ್ ಇರೋದು ಒಂದೂವರೆ-ಎರಡು ಅಡಿ ದೂರದಲ್ಲಿ. ಅಂದರೆ ಆಪರೇಟರ್ ಎಂಟು ತಾಸು ಕೂತರೆ ಆ ಸ್ನಾಯು ಎಂಟು ತಾಸೂ ಬಿಗಿದೇ ಇರುತ್ತದೆ. ತುಂಬಿದ ಬಕೆಟ್ ಹಿಡಿದು ನಿಂತರೆ ತೋಳು ಸೋಲುವ ಹಾಗೆ ಕಣ್ಣೂ ಸೋಲುತ್ತದೆ.

ಇದರ ಜೊತೆ ಇನ್ನೊಂದು ಸಂಗತಿ ಇದೆ. ಮನುಷ್ಯ ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತಾನೆ. ಸ್ಕ್ರೀನ್ ನೋಡುವಾಗ ಅದು ಐದಾರು ಸಲಕ್ಕೆ ಇಳಿಯುತ್ತದೆ. ರೆಪ್ಪೆ ಬಡಿದಾಗಲೇ ಕಣ್ಣಿನ ಮೇಲೆ ನೀರಿನ ತೆಳು ಪದರ ಹರಡೋದು. ಬಡಿಯದಿದ್ದರೆ ಕಣ್ಣು ಒಣಗಿ ಉರಿಯುತ್ತದೆ. ನಮ್ಮ ಕಡೆ ಬ್ಯಾಸಗಿಯಲ್ಲಿ ಫ್ಯಾನ್ ಅಥವಾ ಕೂಲರ್ ಗಾಳಿ ನೇರ ಮುಖಕ್ಕೆ ಬಿಟ್ಟುಕೊಂಡರೆ ಇದು ಇನ್ನೂ ಜಾಸ್ತಿ. ಗಾಳಿಯನ್ನು ಮೈಗೆ ತಿರುಗಿಸಬೇಕು, ಕಣ್ಣಿಗಲ್ಲ.

20-20-20 ಅಂದರೆ ಏನು?

ಅಮೆರಿಕದ ಕಣ್ಣು ಪರೀಕ್ಷಕ ಜೆಫ್ರಿ ಆನ್ಶೆಲ್ 1990ರ ದಶಕದಲ್ಲಿ ಬಳಕೆಗೆ ತಂದ ಸರಳ ಲೆಕ್ಕ ಇದು. ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡ್ ನೋಡಬೇಕು. ಈ ಅಂಕಿ ನೆನಪಿಡಲು ಸುಲಭ ಅಂತ ಆರಿಸಿದ್ದು. ಮುಖ್ಯವಾದದ್ದು ಪದೇ ಪದೇ ದೂರ ನೋಡೋದು.

ಆದರೆ ಕೌಂಟರ್ ಮುಂದೆ ಹದಿನೈದು ಜನ ಪಾಳಿ ನಿಂತಾಗ ಗಡಿಯಾರ ನೋಡೋರು ಯಾರು? ಅದಕ್ಕೆ ಈ ಬಿಡುವನ್ನು ಕೆಲಸದೊಳಗೇ ಹುಡುಕಬೇಕು. ಗಿರಾಕಿಯ ಮೊಬೈಲ್‌ಗೆ ಒಟಿಪಿ ಬರೋ ತನಕ, ಸರ್ವರ್ ಲೋಡ್ ಆಗೋ ತನಕ, ಪ್ರಿಂಟ್ ಹೊರಗೆ ಬರೋ ತನಕ ಆಪರೇಟರ್‌ಗೆ ಮಾಡಲು ಏನೂ ಇರೋದಿಲ್ಲ. ಆಗಲೂ ಕಣ್ಣು ತಿರುಗುತ್ತಿರುವ ಚಕ್ರದ ಮೇಲೇ ಇರುತ್ತದೆ, ಇಲ್ಲವೇ ಕೈ ತನ್ನ ಮೊಬೈಲ್‌ಗೆ ಹೋಗುತ್ತದೆ. ಮೊಬೈಲ್ ನೋಡೋದು ವಿಶ್ರಾಂತಿ ಅಲ್ಲ. ಅದನ್ನು ಹಿಡಿಯೋದು ಸ್ಕ್ರೀನ್‌ಗಿಂತ ಹತ್ತಿರ, ಸುಮಾರು ಒಂದು ಅಡಿ ದೂರದಲ್ಲಿ. ಸ್ನಾಯು ಇನ್ನೂ ಬಿಗಿಯುತ್ತದೆ.

ಆ ಹೊತ್ತಿನಲ್ಲಿ ಕಣ್ಣು ಎತ್ತಿ ಹೊರಗೆ ನೋಡಬೇಕು. ಶಹಾಪುರದಲ್ಲಿ ಬುದ್ಧ ಮಲಗಿದ ಬೆಟ್ಟ ಕಾಣುವಂತಿದ್ದರೆ ಅದನ್ನು, ಯಾದಗಿರಿಯಲ್ಲಿ ಕೋಟೆಯ ಬೆಟ್ಟವನ್ನು, ಏನೂ ಕಾಣದಿದ್ದರೆ ರಸ್ತೆಯಾಚೆಯ ಬೇವಿನ ಮರವನ್ನು ನೋಡಿದರಾಯಿತು. ಬಿಸಿಲಿಗೆ ಹೊಳೆಯುವ ತಗಡನ್ನೋ ಆಕಾಶವನ್ನೋ ನೋಡಬಾರದು, ಕಣ್ಣು ಕುಕ್ಕುತ್ತದೆ. ಅಂಗಡಿ ಹತ್ತೇ ಅಡಿ ಇದ್ದರೆ ಎದುರಿನ ಗೋಡೆಯ ಮೂಲೆ ನೋಡಿದರೂ ಸ್ಕ್ರೀನ್‌ಗಿಂತ ಎಷ್ಟೋ ವಾಸಿ. ಜೊತೆಗೆ ನಾಲ್ಕಾರು ಸಲ ನಿಧಾನವಾಗಿ, ಪೂರ್ತಿ ರೆಪ್ಪೆ ಮುಚ್ಚಿ ತೆಗೆಯಬೇಕು.

ಟೇಬಲ್ ತಿರುಗಿಸಿ ನೋಡಿ

ಕಣ್ಣು ಕುಕ್ಕುವ ಬೆಳಕು ಇದ್ದರೆ ಎಷ್ಟು ಬಿಡುವು ಕೊಟ್ಟರೂ ತಲೆನೋವು ಹೋಗೋದಿಲ್ಲ. ಪಶ್ಚಿಮಕ್ಕೆ ಶೆಟರ್ ಇರುವ ಒಂದು ಸಣ್ಣ ಅಂಗಡಿಯನ್ನೇ ಉದಾಹರಣೆಗೆ ತಗೊಳ್ಳಿ. ಗಿರಾಕಿ ಮುಖ ಕಾಣಲಿ ಅಂತ ಆಪರೇಟರ್ ರಸ್ತೆ ಕಡೆ ಮುಖ ಮಾಡಿ ಕೂತಿರುತ್ತಾರೆ. ಮಾನಿಟರ್ ಹಿಂದೆಯೇ ಬಿಸಿಲಿನ ರಸ್ತೆ. ಸ್ಕ್ರೀನ್ ಬೆಳಕು ಸಣ್ಣದು, ರಸ್ತೆ ಬೆಳಕು ದೊಡ್ಡದು, ಎರಡೂ ಒಂದೇ ನೋಟದಲ್ಲಿ. ಕಣ್ಣು ಕಿರಿದು ಮಾಡಿಯೇ ಓದಬೇಕು. ಆ ಕಿರಿದು ಮಾಡುವ ಬಿಗಿಯೇ ಸಂಜೆಗೆ ಹಣೆನೋವು.

ಹಾಗಂತ ರಸ್ತೆಗೆ ಬೆನ್ನು ಮಾಡಿ ಕೂತರೆ ಬಿಸಿಲು ಸ್ಕ್ರೀನ್ ಮೇಲೆ ಬೀಳುತ್ತದೆ, ಅಕ್ಷರ ಮಸುಕಾಗುತ್ತವೆ. ಸರಿಯಾದದ್ದು ಟೇಬಲ್ ಅಡ್ಡ ಹಾಕೋದು. ರಸ್ತೆ ಎಡ ಅಥವಾ ಬಲ ಭುಜದ ಕಡೆಗಿರಬೇಕು. ಗಿರಾಕಿ ಪಕ್ಕದಲ್ಲಿ ನಿಲ್ಲಬಹುದು, ದೂರ ನೋಡಲು ಕತ್ತು ಹೊರಳಿಸಿದರೆ ಸಾಕು. ಟೇಬಲ್ ತಿರುಗಿಸಲು ಜಾಗ ಇಲ್ಲದಿದ್ದರೆ ಮಧ್ಯಾಹ್ನದ ಮೇಲೆ ದಪ್ಪ ಪರದೆ ಬಿಡಬೇಕು.

ಇದನ್ನು ಎರಡು ರೀತಿ ಪರೀಕ್ಷಿಸಬಹುದು. ಮಾನಿಟರ್ ಬಂದ್ ಮಾಡಿ ಕಪ್ಪು ಸ್ಕ್ರೀನ್ ನೋಡಬೇಕು. ಅದರಲ್ಲಿ ಟ್ಯೂಬ್‌ಲೈಟ್, ಬಾಗಿಲು, ಬಿಳಿ ಅಂಗಿ ಏನು ಕಾಣುತ್ತದೋ ಅದೇ ದಿನವಿಡೀ ಅಕ್ಷರದ ಮೇಲೆ ಕೂತಿರುತ್ತದೆ. ಎರಡನೆಯದು, ಸ್ಕ್ರೀನ್ ಪಕ್ಕ ಬಿಳಿ ಹಾಳೆ ಹಿಡಿಯಬೇಕು. ಹಾಳೆಗಿಂತ ಸ್ಕ್ರೀನ್ ದೀಪದಂತೆ ಉರಿದರೆ ಬ್ರೈಟ್‌ನೆಸ್ ಇಳಿಸಬೇಕು, ಮಬ್ಬಾಗಿ ಕಂಡರೆ ಏರಿಸಬೇಕು. ಎರಡೂ ಸಮ ಕಂಡರೆ ಸರಿ. ಸ್ಕ್ರೀನ್ ಒಂದು ತೋಳು ದೂರ ಇರಬೇಕು, ಅದರ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು.

ಚಷ್ಮಾ ಮತ್ತು ಗುಳಿಗೆ

ಬ್ಲೂ ಕಟ್ ಚಷ್ಮಾ ಹಾಕಿದರೆ ತಲೆನೋವು ಹೋಗುತ್ತದೆ ಅನ್ನೋದು ಅಂಗಡಿಗಳಲ್ಲಿ ಕೇಳೋ ಮಾತು. 2023ರಲ್ಲಿ ಕೊಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಸ್ಕ್ರೀನ್‌ನಿಂದಾಗುವ ಕಣ್ಣಿನ ದಣಿವಿಗೆ ಸಾದಾ ಗಾಜಿಗಿಂತ ಇದರಿಂದ ಹೆಚ್ಚಿನ ಲಾಭ ಅಲ್ಪಾವಧಿಯಲ್ಲಿ ಕಾಣಲಿಲ್ಲ. ಹೆಚ್ಚು ರೊಕ್ಕ ಕೊಡುವ ಮೊದಲು ನಂಬರ್ ಸರಿ ಇದೆಯೋ ನೋಡಿಸಬೇಕು. 40 ದಾಟಿದವರು ಎರಡು ಭಾಗದ ಚಷ್ಮಾ ಹಾಕಿ ಗದ್ದ ಎತ್ತಿ ಸ್ಕ್ರೀನ್ ನೋಡುತ್ತಿದ್ದರೆ ಕತ್ತು ಹಿಡಿದು ತಲೆಯ ಹಿಂಭಾಗ ನೋಯುತ್ತದೆ. ಸ್ಕ್ರೀನ್ ದೂರಕ್ಕೇ ಬೇರೆ ಚಷ್ಮಾ ಬೇಕು ಅಂತ ವೈದ್ಯರಿಗೆ ಹೇಳಬೇಕು.

ಸಾದಾ ನೋವಿನ ಗುಳಿಗೆಯನ್ನು ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು, ತಿಂಗಳುಗಟ್ಟಲೆ ನುಂಗಿದರೆ ಗುಳಿಗೆಯಿಂದಲೇ ತಲೆನೋವು ಶುರುವಾಗಬಹುದು. ಮೆಡಿಕಲ್‌ನಲ್ಲಿ ಕೇಳಿ ಕಣ್ಣಿಗೆ ಹನಿ ಹಾಕಿಕೊಳ್ಳೋದು ಇನ್ನೂ ಅಪಾಯ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಉರಿ ತಕ್ಷಣ ಕಡಿಮೆ ಆಗಬಹುದು, ಆದರೆ ಬಹಳ ದಿನ ಹಾಕಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿಗೇ ಕುತ್ತು ಬರಬಹುದು.

ಸ್ಕ್ರೀನ್ ತಲೆನೋವೇ ಹೌದಾ?

ಒಂದು ವಾರ ನೋವು ಶುರುವಾದ ಹೊತ್ತು ಬರೆದಿಡಬೇಕು. ಕೆಲಸದ ದಿನ ಮಧ್ಯಾಹ್ನದ ನಂತರ ಬಂದು, ತಲೆ ಎತ್ತಿದಾಗ ದೂರದ್ದು ಕೆಲ ಕ್ಷಣ ಮಸುಕಾಗಿ, ರವಿವಾರ ನೋವೇ ಬರದಿದ್ದರೆ ಸ್ಕ್ರೀನ್ ಮೇಲೆ ಅನುಮಾನ ಪಡಬಹುದು. ಬೆಳಿಗ್ಗೆ ಏಳುವಾಗಲೇ ನೋವಿದ್ದರೆ, ವಾಂತಿ ಜೊತೆ ತಲೆಯ ಒಂದೇ ಭಾಗ ಬಡಿದರೆ ಕಾರಣ ಬೇರೆ ಇರಬಹುದು. ಬಿಪಿ ಸಹಿತ ತಪಾಸಣೆ ಮಾಡಿಸಬೇಕು.

ಕಣ್ಣು ಕೆಂಪಾಗಿ ತೀವ್ರ ನೋವು ಬಂದು ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಇಲ್ಲವೇ ದೃಷ್ಟಿ ದಿಢೀರ್ ಕಡಿಮೆಯಾದರೆ ಅದು ಸ್ಕ್ರೀನ್ ದಣಿವಲ್ಲ. ಅದೇ ದಿನ ಕಣ್ಣಿನ ವೈದ್ಯರ ಹತ್ತಿರ ಹೋಗಬೇಕು.