ಜಾರಿ ಬಂದ ದಿಮ್ಮಿ ನಿಲ್ಲುವುದೆಲ್ಲಿ?

ಬಾಣಲೆಯ ಹಾಗೆ ಎರಡೂ ತುದಿಗಳಲ್ಲಿ ಮೇಲಕ್ಕೆ ಬಾಗಿ, ನಡುವೆ ಮಟ್ಟಸವಾಗಿರುವ ಜಾರುದಾರಿಯೊಂದಿದೆ. ಬಾಗಿದ ಭಾಗಗಳು ತೀರಾ ನುಣುಪು, ಅಲ್ಲಿ ಘರ್ಷಣೆ ಇಲ್ಲವೆಂದೇ ಎಣಿಸಬಹುದು. ನಡುವಿನ 1.5 ಮೀಟರ್ ನೆಲ ಮಾತ್ರ ಒರಟು, ಅದರ ಘರ್ಷಣಾ ಗುಣಾಂಕ 0.3. ಎಡಗಡೆ 1.2 ಮೀಟರ್ ಎತ್ತರದಲ್ಲಿ ಒಂದು ಸಣ್ಣ ಮರದ ದಿಮ್ಮಿಯನ್ನು ಹಿಡಿದು, ತಳ್ಳದೆ ಸುಮ್ಮನೆ ಬಿಟ್ಟರೆ ಅದು ಕೊನೆಗೆ ಎಲ್ಲಿ ನಿಲ್ಲುತ್ತದೆ?

ಈ ಪ್ರಶ್ನೆ ಎದುರಾದಾಗ ಹಲವರ ಕೈ ಮೊದಲು ಹೋಗುವುದು ವೇಗ, ವೇಗೋತ್ಕರ್ಷ, ಕಾಲಗಳ ಸಮೀಕರಣಗಳತ್ತ. ಬಾಗಿದ ದಾರಿಯಲ್ಲಿ ಅವು ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಇಳಿಜಾರು ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ, ಅದರ ಜೊತೆಗೆ ವೇಗೋತ್ಕರ್ಷವೂ ಬದಲಾಗುತ್ತದೆ. ಆ ಸಮೀಕರಣಗಳಿಗೆ ಬೇಕಾದದ್ದು ಬದಲಾಗದ ವೇಗೋತ್ಕರ್ಷ. ಶಕ್ತಿಯ ಲೆಕ್ಕಕ್ಕೆ ಈ ತೊಡಕಿಲ್ಲ. ನುಣುಪಾದ ದಾರಿ ದಿಮ್ಮಿಯನ್ನು ಒತ್ತುವುದು ಸದಾ ಚಲನೆಗೆ ಲಂಬವಾಗಿ. ಹಾಗಾಗಿ ಅದು ಶಕ್ತಿಯನ್ನು ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ. ದುಡಿಯುವುದು ಗುರುತ್ವ ಒಂದೇ, ಅದು ನೋಡುವುದು ಎಷ್ಟು ಎತ್ತರದಿಂದ ಇಳಿಯಿತು ಎಂಬುದನ್ನಷ್ಟೇ. ದಾರಿ ಹೇಗೆ ಬಾಗಿದ್ದರೂ, ಬುಡ ತಲುಪಿದಾಗ ದಿಮ್ಮಿಯ ವೇಗ ಸೆಕೆಂಡಿಗೆ ಸುಮಾರು 4.85 ಮೀಟರ್. ದಾರಿಯ ಆಕಾರದಿಂದ ಬದಲಾಗುವುದು ಇಳಿಯಲು ಹಿಡಿಯುವ ಸಮಯ ಮಾತ್ರ.

ಇನ್ನು ಒರಟು ನೆಲ. ಮಟ್ಟಸ ಜಾಗದಲ್ಲಿ ನೆಲದ ಮೇಲಿನ ಒತ್ತಡ ದಿಮ್ಮಿಯ ತೂಕಕ್ಕೆ ಸಮ. ಫ್ರಾನ್ಸಿನ ಅಮಾಂಟನ್ಸ್ 1699ರಲ್ಲಿ ಮಂಡಿಸಿದ ನಿಯಮದಂತೆ ಘರ್ಷಣೆಯು ಈ ಒತ್ತಡಕ್ಕೆ ಅನುಪಾತದಲ್ಲಿರುತ್ತದೆ. ಇಲ್ಲಿ ಅದು ತೂಕದ 0.3 ಪಾಲು. ಅಂದರೆ ದಿಮ್ಮಿ ಒಂದು ಮೀಟರ್ ಜಾರಿದರೆ, ಅದನ್ನು 30 ಸೆಂಟಿಮೀಟರ್ ಮೇಲಕ್ಕೆತ್ತಲು ಬೇಕಾಗುವಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ. ಲೆಕ್ಕವನ್ನೆಲ್ಲ ಎತ್ತರದಲ್ಲೇ ಇಟ್ಟುಕೊಂಡರೆ ದಿಮ್ಮಿಯ ರಾಶಿಯೂ ಗುರುತ್ವದ ಬೆಲೆಯೂ ತಾವಾಗಿಯೇ ಬಿದ್ದುಹೋಗುತ್ತವೆ. ಇದೇ ಏರ್ಪಾಟನ್ನು ಚಂದ್ರನ ಮೇಲೆ ಇಟ್ಟರೂ ದಿಮ್ಮಿ ನಿಲ್ಲುವ ಜಾಗ ಅದೇ, ಅಷ್ಟು ದೂರಕ್ಕೆ ಹಿಡಿಯುವ ಹೊತ್ತು ಮಾತ್ರ ಹೆಚ್ಚು.

ಒಮ್ಮೆ ಒರಟು ನೆಲ ದಾಟಿದರೆ ಖರ್ಚಾಗುವ ಎತ್ತರ 1.5 × 0.3, ಅಂದರೆ 0.45 ಮೀಟರ್. ಮೊದಲ ಸಲ ದಾಟಿದ ದಿಮ್ಮಿ ಬಲಗಡೆ 0.75 ಮೀಟರ್ ಎತ್ತರಕ್ಕೆ ಏರುತ್ತದೆ. ಬಲಗೋಡೆ ಅದಕ್ಕಿಂತ ಗಿಡ್ಡವಾಗಿದ್ದರೆ ಹೊರಗೆ ಹಾರಿ ಲೆಕ್ಕವೇ ಕೆಡುತ್ತದೆ! ಮರಳಿ ಜಾರಿ ಎರಡನೇ ಸಲ ದಾಟಿದಾಗ ಎಡಗಡೆ 0.30 ಮೀಟರ್ ಏರುತ್ತದೆ. ಮೂರನೇ ಸಲ ಪೂರ್ತಿ ದಾಟಲು 0.45 ಮೀಟರ್ ಬೇಕು, ಕೈಯಲ್ಲಿರುವುದು 0.30. ಅದರಲ್ಲಿ ಒಂದು ಮೀಟರ್ ಸಾಗಿ, ಎಡ ಅಂಚಿನಿಂದ ಸರಿಯಾಗಿ ಒಂದು ಮೀಟರ್ ದೂರದಲ್ಲಿ ದಿಮ್ಮಿ ನಿಲ್ಲುತ್ತದೆ. ನೆಲ ಮಟ್ಟಸವಾದ್ದರಿಂದ ಅಲ್ಲಿಂದ ಅದನ್ನು ಎಳೆಯುವ ಬಲವೇ ಇಲ್ಲ.

ಒಂದೇ ಸಾಲಿನಲ್ಲೂ ಇದನ್ನು ಮುಗಿಸಬಹುದು. ಒರಟು ನೆಲದ ಮೇಲೆ ಸಾಗುವ ಒಟ್ಟು ದೂರ D = h/μ, ಅಂದರೆ 1.2/0.3 = 4 ಮೀಟರ್. ಎಡವುವುದು ಇದರ ನಂತರ. ನಾಲ್ಕು ಮೀಟರ್ ಎಂಬುದು ನಡೆದ ದೂರ, ನಿಂತ ಜಾಗವಲ್ಲ. ಅದರಲ್ಲಿ 1.5 ಮೀಟರಿನ ಎರಡು ಪೂರ್ತಿ ದಾಟುಗಳನ್ನು ಕಳೆದು ಉಳಿದದ್ದನ್ನು ನೋಡಬೇಕು. ಪೂರ್ತಿ ದಾಟುಗಳ ಎಣಿಕೆ ಸಮಸಂಖ್ಯೆಯಾದರೆ ಉಳಿಕೆಯನ್ನು ಎಡದಿಂದ ಅಳೆಯಬೇಕು, ಬೆಸಸಂಖ್ಯೆಯಾದರೆ ಬಲದಿಂದ.

ನಿಜವಾದ ಹಲಗೆಯ ಮೇಲೆ ಉತ್ತರ ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ಗುಣಾಂಕ 0.3ರ ಬದಲು 0.25 ಇದ್ದರೆ ಒಟ್ಟು ದೂರ 4.8 ಮೀಟರ್. ಆಗ ದಿಮ್ಮಿ ಮೂರನೇ ಸಲವೂ ಪೂರ್ತಿ ದಾಟಿ, ಬಲಗಡೆ ಏಳೂವರೆ ಸೆಂಟಿಮೀಟರ್ ಏರಿ, ಹಿಂದಿರುಗಿ ಬಲ ಅಂಚಿನಿಂದ 30 ಸೆಂಟಿಮೀಟರಿನಲ್ಲಿ ನಿಲ್ಲುತ್ತದೆ. ಎಡದಿಂದ ಅಳೆದರೆ 1.2 ಮೀಟರ್. ಗುಣಾಂಕ ಸುಮಾರು 0.286 ಇದ್ದಾಗಲೂ ನಿಲ್ಲುವುದು ಅದೇ ಗುರುತಿನಲ್ಲಿ, ಆದರೆ ಮೂರನೇ ದಾಟಿನ ನಡುವೆಯೇ. ಆದ್ದರಿಂದ ದಿಮ್ಮಿ ನಿಂತ ಜಾಗದಿಂದ ಹಿಂದಕ್ಕೆ ಲೆಕ್ಕ ಹಾಕಿ ಗುಣಾಂಕ ಕಂಡುಹಿಡಿಯಲು ಹೊರಟವರು ಅದು ಎಷ್ಟು ಸಲ ದಾಟಿತೆಂದು ಎಣಿಸಿಕೊಂಡಿರಬೇಕು. ಇಲ್ಲವೇ, ಮೊದಲ ದಾಟಿನಲ್ಲೇ ನಿಂತುಬಿಡುವಷ್ಟು ಕಡಿಮೆ ಎತ್ತರದಿಂದ ದಿಮ್ಮಿಯನ್ನು ಬಿಡಬೇಕು.