ಗ್ಲುಟಾಮಿನ್ ಮತ್ತು ಎಚ್‌ಎಂಬಿ ಪೂರಕಗಳು

ಗ್ಲುಟಾಮಿನ್ ಮತ್ತು ಎಚ್‌ಎಂಬಿ (ಬೀಟಾ-ಹೈಡ್ರಾಕ್ಸಿ-ಬೀಟಾ-ಮೀಥೈಲ್‌ಬ್ಯುಟಿರೇಟ್) ವ್ಯಾಯಾಮದ ನಂತರ ಸ್ನಾಯುಗಳು ಬೇಗ ಚೇತರಿಸಿಕೊಳ್ಳಲೆಂದು ಪುಡಿಯ ರೂಪದಲ್ಲಿ ಮಾರಾಟವಾಗುವ ಎರಡು ಆಹಾರ ಪೂರಕಗಳು. ಗ್ಲುಟಾಮಿನ್ ಒಂದು ಅಮೈನೊ ಆಮ್ಲ. ಎಚ್‌ಎಂಬಿಯು ಲ್ಯೂಸಿನ್ ಎಂಬ ಅಮೈನೊ ಆಮ್ಲವನ್ನು ದೇಹವು ವಿಘಟಿಸುವಾಗ ಅಲ್ಪ ಪ್ರಮಾಣದಲ್ಲಿ ಉಂಟಾಗುವ ವಸ್ತು. ಇವೆರಡರ ಪರವಾಗಿ ಮಂಡಿಸಲಾಗುವ ವಾದದ ಬಹುಭಾಗವು ಆಸ್ಪತ್ರೆಯ ರೋಗಿಗಳ ಸ್ನಾಯು ನಷ್ಟದ ಕುರಿತಾದ ಸಂಶೋಧನೆಯಿಂದ ಬಂದಿದೆ. ಅದೇ ವಾದವನ್ನು ಆರೋಗ್ಯವಂತ ವ್ಯಾಯಾಮಾಸಕ್ತರಿಗೆ ಅನ್ವಯಿಸಿ ನಡೆಸಿದ ಪ್ರಯೋಗಗಳು ಹೆಚ್ಚಾಗಿ ನಿಷ್ಫಲವಾಗಿವೆ. ಗ್ಲುಟಾಮಿನ್ ವಿಷಯದಲ್ಲಂತೂ ರೋಗಿಗಳಲ್ಲಿಯೂ ಆರಂಭದ ನಿರೀಕ್ಷೆ ಸುಳ್ಳಾಗಿದೆ.

ದೇಹದಲ್ಲಿ ಗ್ಲುಟಾಮಿನ್

ರಕ್ತದಲ್ಲಿಯೂ ಸ್ನಾಯುಕೋಶಗಳ ಒಳಗೂ ಮುಕ್ತ ರೂಪದಲ್ಲಿರುವ ಅಮೈನೊ ಆಮ್ಲಗಳಲ್ಲಿ ಗ್ಲುಟಾಮಿನ್ ಪ್ರಮಾಣವೇ ಅತ್ಯಧಿಕ. ದೇಹವು ಇದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಸ್ನಾಯುವೇ ಇದರ ಮುಖ್ಯ ಉತ್ಪಾದಕ ಹಾಗೂ ಭಂಡಾರ. ಸಣ್ಣ ಕರುಳಿನ ಒಳಪದರದ ಕೋಶಗಳು ಮತ್ತು ರೋಗನಿರೋಧಕ ಕೋಶಗಳು ಇದನ್ನು ಇಂಧನವಾಗಿ ಬಳಸುತ್ತವೆ. ಸಾಮಾನ್ಯ ಆರೋಗ್ಯದಲ್ಲಿ ಉತ್ಪಾದನೆ ಮತ್ತು ಬಳಕೆ ಸರಿದೂಗುವುದರಿಂದ ಇದನ್ನು ಅನಗತ್ಯ ಅಮೈನೊ ಆಮ್ಲಗಳ ಗುಂಪಿಗೆ ಸೇರಿಸಲಾಗಿದೆ. ಇಲ್ಲಿ ಅನಗತ್ಯವೆಂದರೆ ಆಹಾರದಿಂದಲೇ ಬರಬೇಕಾದ ಅಗತ್ಯವಿಲ್ಲ ಎಂದಷ್ಟೇ ಅರ್ಥ, ದೇಹಕ್ಕೆ ಬೇಡವೆಂದಲ್ಲ.

ತೀವ್ರ ಸುಟ್ಟಗಾಯ, ನಂಜು ಅಥವಾ ದೊಡ್ಡ ಅಪಘಾತದ ಸಂದರ್ಭದಲ್ಲಿ ಈ ಸಮತೋಲನ ಕೆಡುತ್ತದೆ. ಸ್ನಾಯುವಿನೊಳಗಿನ ಗ್ಲುಟಾಮಿನ್ ಅರ್ಧಕ್ಕಿಂತಲೂ ಕೆಳಗಿಳಿಯಬಹುದು. ತೀವ್ರ ನಿಗಾ ಘಟಕಕ್ಕೆ ದಾಖಲಾಗುವಾಗಲೇ ರಕ್ತದ ಗ್ಲುಟಾಮಿನ್ ಕಡಿಮೆಯಿದ್ದ ರೋಗಿಗಳಲ್ಲಿ ಸಾವಿನ ಪ್ರಮಾಣ ಹೆಚ್ಚೆಂದೂ ಕಂಡುಬಂದಿತ್ತು. ಈ ಕಾರಣದಿಂದ ಇದಕ್ಕೆ ‘ಸಂದರ್ಭಾನುಸಾರ ಅಗತ್ಯ’ ಅಮೈನೊ ಆಮ್ಲವೆಂಬ ವಿಶೇಷಣ ಬಂದಿತು. ಪೂರಕಗಳ ಜಾಹೀರಾತುಗಳು ಬಳಸಿಕೊಳ್ಳುವುದು ಈ ವಿಶೇಷಣವನ್ನೇ: ಕಠಿಣ ವ್ಯಾಯಾಮವೂ ದೇಹದ ಮೇಲೆ ಒಂದು ಒತ್ತಡ, ಆದುದರಿಂದ ಅಲ್ಲಿಯೂ ಗ್ಲುಟಾಮಿನ್ ಬರಿದಾಗುತ್ತದೆ ಎಂಬುದು ಅವುಗಳ ತರ್ಕ. ಮ್ಯಾರಥಾನ್‌ನಂತಹ ದೀರ್ಘ ಓಟದ ಬಳಿಕ ರಕ್ತದ ಗ್ಲುಟಾಮಿನ್ ಇಳಿಯುವುದು ನಿಜ. ಆದರೆ ಆ ಇಳಿಕೆ ಸಾಧಾರಣ ಪ್ರಮಾಣದ್ದು, ಕೆಲವು ಗಂಟೆಗಳಲ್ಲಿ ತಾನಾಗಿಯೇ ಸರಿಹೋಗುವಂಥದ್ದು. ವಾರಗಟ್ಟಲೆ ಕೃತಕ ಉಸಿರಾಟದಲ್ಲಿರುವ ರೋಗಿಯ ಸ್ಥಿತಿಯೊಡನೆ ಅದನ್ನು ಹೋಲಿಸಲಾಗದು.

ಒಂದು ಚಮಚ ಪುಡಿಯ ಲೆಕ್ಕ

ಜಿಮ್‌ನಲ್ಲಿ ಭಾರ ಎತ್ತುವ, ಸುಮಾರು 70 ಕಿಲೋಗ್ರಾಂ ತೂಕದ ಆರೋಗ್ಯವಂತ ಯುವಕನೊಬ್ಬನು ವ್ಯಾಯಾಮದ ನಂತರ 5 ಗ್ರಾಂ ಗ್ಲುಟಾಮಿನ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಯುತ್ತಾನೆಂದು ಭಾವಿಸೋಣ. ಅದು ಮೊದಲು ಕರುಳನ್ನು ತಲಪುತ್ತದೆ. ಕರುಳಿನ ಕೋಶಗಳಿಗೆ ಗ್ಲುಟಾಮಿನ್ ಮೆಚ್ಚಿನ ಇಂಧನವಾದುದರಿಂದ ಅವು ಅದರಲ್ಲಿ ದೊಡ್ಡ ಪಾಲನ್ನು ಅಲ್ಲಿಯೇ ಬಳಸಿಬಿಡುತ್ತವೆ. ಉಳಿದುದರಲ್ಲಿ ಇನ್ನಷ್ಟನ್ನು ಯಕೃತ್ತು ಹಿಡಿದುಕೊಳ್ಳುತ್ತದೆ. ಸಾಮಾನ್ಯ ರಕ್ತಸಂಚಾರಕ್ಕೆ ಸೇರುವುದು ಅರ್ಧಕ್ಕಿಂತ ಕಡಿಮೆ, ಅಂದರೆ ಹೆಚ್ಚೆಂದರೆ ಎರಡು ಗ್ರಾಂ ಆಸುಪಾಸು. ಇತ್ತ ಆತನ ದೇಹವು ಪ್ರತಿದಿನ ತಾನೇ ಹತ್ತಾರು ಗ್ರಾಂ ಗ್ಲುಟಾಮಿನ್ ತಯಾರಿಸುತ್ತಿರುತ್ತದೆ, ಮತ್ತು ಸ್ನಾಯುಗಳ ಭಂಡಾರದಲ್ಲಿ ಹತ್ತಾರು ಗ್ರಾಂ ಆಗಲೇ ಇರುತ್ತದೆ. ಬೇಳೆ, ಹಾಲು, ಮೊಟ್ಟೆ, ಮಾಂಸಗಳ ಪ್ರೋಟೀನಿನಲ್ಲಿಯೂ ಗ್ಲುಟಾಮಿನ್ ಇದೆ. ಹೀಗೆ ತುಂಬಿದ ಕೊಡಕ್ಕೆ ಎರಡು ಗ್ರಾಂ ಸೇರಿದರೆ ಆಗುವ ವ್ಯತ್ಯಾಸ ಅತ್ಯಲ್ಪ.

ಪ್ರಮಾಣ ಸಾಲದೆಂಬ ಆಕ್ಷೇಪಕ್ಕೆ ಉತ್ತರ 2001ರಲ್ಲೇ ದೊರಕಿದೆ. ಕೆನಡಾದ ಸಂಶೋಧಕ ಡ್ಯಾರೆನ್ ಕ್ಯಾಂಡೋ ಮತ್ತು ಸಹೋದ್ಯೋಗಿಗಳು 31 ಮಂದಿ ಯುವಜನರಿಗೆ ಆರು ವಾರಗಳ ಕಾಲ ಭಾರ ಎತ್ತುವ ತರಬೇತಿ ನೀಡಿದರು. ಒಂದು ಗುಂಪಿಗೆ ಕೊಬ್ಬುರಹಿತ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.9 ಗ್ರಾಂ ಗ್ಲುಟಾಮಿನ್, ಇನ್ನೊಂದು ಗುಂಪಿಗೆ ಮಾಲ್ಟೊಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ ಕೊಡಲಾಯಿತು. ಕೊಬ್ಬುರಹಿತ ತೂಕ 50 ಕಿಲೋಗ್ರಾಂ ಇರುವವರಿಗೆ ಇದು ದಿನಕ್ಕೆ 45 ಗ್ರಾಂ, ಅಂದರೆ ಮೇಲೆ ಹೇಳಿದ ಚಮಚದಲ್ಲಿ ಒಂಬತ್ತು ಚಮಚ. ಎರಡೂ ಗುಂಪಿನವರ ಬಲ ಹೆಚ್ಚಿತು, ಸ್ನಾಯುವೂ ಬೆಳೆಯಿತು, ಆದರೆ ಗುಂಪುಗಳ ನಡುವೆ ಅರ್ಥಪೂರ್ಣ ವ್ಯತ್ಯಾಸ ಕಾಣಲಿಲ್ಲ. ಹೋಲಿಕೆಯ ಗುಂಪಿಲ್ಲದೆ ಹೋಗಿದ್ದರೆ ತರಬೇತಿಯ ಫಲವೆಲ್ಲ ಪುಡಿಯ ಖಾತೆಗೆ ಜಮೆಯಾಗುತ್ತಿತ್ತು. ‘ನನಗೆ ಕೆಲಸ ಮಾಡಿತು’ ಎನ್ನುವ ಬಳಕೆದಾರರ ಅನುಭವದಲ್ಲಿ ಆಗುವುದೂ ಇದೇ. ಅಭ್ಯಾಸವಿಲ್ಲದ ವ್ಯಾಯಾಮದಿಂದ ಬರುವ ಮೈಕೈ ನೋವು ಒಂದರಿಂದ ಮೂರು ದಿನಗಳಲ್ಲಿ ಉಲ್ಬಣಿಸಿ ಅನಂತರ ತಾನೇ ಇಳಿಯುತ್ತದೆ, ಅದೇ ವ್ಯಾಯಾಮ ಮರುಕಳಿಸಿದಾಗ ಮೊದಲಿನಷ್ಟು ಬರುವುದೂ ಇಲ್ಲ.

ನೋವು ಮತ್ತು ಬಲದ ಮರಳಿಕೆಯ ಕುರಿತು ಕೆಲವು ಸಣ್ಣ ಪ್ರಯೋಗಗಳು ಅಲ್ಪ ಪ್ರಯೋಜನವನ್ನು ತೋರಿಸಿವೆ. ಅವುಗಳಲ್ಲಿ ಭಾಗವಹಿಸಿದವರು ಬೆರಳೆಣಿಕೆಯಷ್ಟು, ವ್ಯಾಯಾಮವೂ ಬೇಕೆಂದೇ ಸ್ನಾಯುವಿಗೆ ಹಾನಿ ಮಾಡುವಂತೆ ರೂಪಿಸಿದ್ದು. ಸೋಂಕು ತಡೆಯುವ ಗುಣದ ವಿಚಾರದಲ್ಲಿ 1996ರ ಆಕ್ಸ್‌ಫರ್ಡ್ ಅಧ್ಯಯನ ಹೆಚ್ಚು ಉಲ್ಲೇಖಗೊಂಡಿದೆ. ಓಟದ ನಂತರ ಗ್ಲುಟಾಮಿನ್ ಕುಡಿದ ಕ್ರೀಡಾಪಟುಗಳಲ್ಲಿ ಶೇ. 81 ಮಂದಿ, ಕುಡಿಯದವರಲ್ಲಿ ಶೇ. 49 ಮಂದಿ ಮುಂದಿನ ಏಳು ದಿನ ಸೋಂಕಿಲ್ಲದೆ ಕಳೆದೆವೆಂದು ವರದಿ ಮಾಡಿದರು. ಇದು ಅವರವರೇ ಪ್ರಶ್ನಾವಳಿಯಲ್ಲಿ ತುಂಬಿದ ಉತ್ತರ, ವೈದ್ಯರ ತಪಾಸಣೆಯಲ್ಲ. ರೋಗನಿರೋಧಕ ಕೋಶಗಳನ್ನು ನೇರವಾಗಿ ಅಳೆದ ನಂತರದ ಅಧ್ಯಯನಗಳು ಇದಕ್ಕೆ ಬೆಂಬಲ ನೀಡಲಿಲ್ಲ.

ತೀವ್ರ ನಿಗಾ ಘಟಕದ ಅನುಭವ

ಆಸ್ಪತ್ರೆಯಲ್ಲಿ ಆರಂಭವು ಆಶಾದಾಯಕವಾಗಿತ್ತು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ 84 ರೋಗಿಗಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರಕ್ತನಾಳದ ಮೂಲಕ ಗ್ಲುಟಾಮಿನ್ ಪಡೆದ 42 ಮಂದಿಯಲ್ಲಿ 24 ಮಂದಿ, ಪಡೆಯದ 42 ಮಂದಿಯಲ್ಲಿ 14 ಮಂದಿ ಆರು ತಿಂಗಳ ನಂತರ ಬದುಕಿದ್ದರು. ಇಂತಹ ಫಲಿತಾಂಶಗಳ ಬಲದಿಂದ ಅನೇಕ ಮಾರ್ಗಸೂಚಿಗಳು ಗ್ಲುಟಾಮಿನ್ ನೀಡಿಕೆಯನ್ನು ಶಿಫಾರಸು ಮಾಡಿದವು.

2013ರಲ್ಲಿ ಪ್ರಕಟವಾದ ‘ರೆಡಾಕ್ಸ್’ ಪ್ರಯೋಗ ಈ ಚಿತ್ರವನ್ನು ಬದಲಿಸಿತು. ಕೆನಡಾದ ಡ್ಯಾರೆನ್ ಹೇಲ್ಯಾಂಡ್ ನೇತೃತ್ವದಲ್ಲಿ ಕೆನಡಾ, ಅಮೆರಿಕ ಮತ್ತು ಯುರೋಪಿನ 40 ಘಟಕಗಳಲ್ಲಿ, ಕನಿಷ್ಠ ಎರಡು ಅಂಗಗಳು ವಿಫಲವಾಗಿ ಕೃತಕ ಉಸಿರಾಟದಲ್ಲಿದ್ದ 1,223 ರೋಗಿಗಳನ್ನು ಯಾದೃಚ್ಛಿಕವಾಗಿ ಗುಂಪುಗಳಿಗೆ ಹಂಚಲಾಯಿತು. ಗ್ಲುಟಾಮಿನ್ ಪಡೆದವರಿಗೆ ರಕ್ತನಾಳ ಮತ್ತು ಕರುಳು ಎರಡೂ ಮಾರ್ಗಗಳಿಂದ ಅದನ್ನು ಕೊಡಲಾಯಿತು. 70 ಕಿಲೋಗ್ರಾಂ ತೂಕದವರಿಗೆ ಒಟ್ಟು ದಿನಕ್ಕೆ ಸುಮಾರು 55 ಗ್ರಾಂ. 28ನೆಯ ದಿನದ ವೇಳೆಗೆ ಗ್ಲುಟಾಮಿನ್ ಪಡೆದವರಲ್ಲಿ ಶೇ. 32.4 ಮಂದಿ, ಪಡೆಯದವರಲ್ಲಿ ಶೇ. 27.2 ಮಂದಿ ಮೃತಪಟ್ಟಿದ್ದರು. 28 ದಿನಗಳ ಈ ಅಂತರ ಸಂಖ್ಯಾಶಾಸ್ತ್ರದ ಗಡಿರೇಖೆಯ ಮೇಲಿತ್ತಾದರೂ ಆಸ್ಪತ್ರೆಯಲ್ಲಿನ ಮತ್ತು ಆರು ತಿಂಗಳವರೆಗಿನ ಸಾವುಗಳ ಹೆಚ್ಚಳ ಸ್ಪಷ್ಟವಾಗಿತ್ತು.

ಕೊರತೆ ತುಂಬಿದರೆ ಹಾನಿಯೇಕೆ ಎಂಬ ಪ್ರಶ್ನೆಗೆ ಎರಡು ಸುಳಿವುಗಳು ದೊರೆತವು. ರಕ್ತದ ಮಟ್ಟವನ್ನು ಅಳೆಯಲಾದ ಸಣ್ಣ ಉಪಗುಂಪಿನಲ್ಲಿ ಕೊರತೆಯು ಊಹಿಸಿದಷ್ಟು ವ್ಯಾಪಕವಾಗಿರಲಿಲ್ಲ. ಅಲ್ಲದೆ ದಾಖಲಾಗುವಾಗಲೇ ಮೂತ್ರಪಿಂಡಗಳು ಕೆಟ್ಟಿದ್ದವರಲ್ಲಿ ಹಾನಿ ಹೆಚ್ಚಾಗಿ ತೋರಿತು. ಗ್ಲುಟಾಮಿನ್ ಅಣುವಿನಲ್ಲಿ ಎರಡು ಸಾರಜನಕ ಪರಮಾಣುಗಳಿವೆ, ಅವನ್ನು ಯೂರಿಯಾ ರೂಪದಲ್ಲಿ ಹೊರಹಾಕುವ ಹೊಣೆ ಯಕೃತ್ತು ಮತ್ತು ಮೂತ್ರಪಿಂಡಗಳದು. ರಕ್ತದಲ್ಲಿನ ಕಡಿಮೆ ಮಟ್ಟವು ಕಾಯಿಲೆಯ ತೀವ್ರತೆಯ ಸೂಚಕವಾಗಿರಬಹುದೇ ಹೊರತು ಅದರ ಕಾರಣವಾಗಿರಬೇಕೆಂದಿಲ್ಲ ಎಂಬ ಅಭಿಪ್ರಾಯ ಇದರಿಂದ ಬಲಗೊಂಡಿತು. 2018ರ ಯುರೋಪಿನ ಕ್ಲಿನಿಕಲ್ ಪೋಷಣಾ ಸಂಘದ ಮಾರ್ಗಸೂಚಿಯು ಅಸ್ಥಿರ ಸ್ಥಿತಿಯ, ಅದರಲ್ಲೂ ಯಕೃತ್ತು ಅಥವಾ ಮೂತ್ರಪಿಂಡ ವೈಫಲ್ಯವಿರುವ ರೋಗಿಗಳಿಗೆ ರಕ್ತನಾಳದ ಮೂಲಕ ಗ್ಲುಟಾಮಿನ್ ಕೊಡಲೇಬಾರದೆಂದಿತು. ಸುಟ್ಟಗಾಯದ ರೋಗಿಗಳಿಗೆ ಕರುಳಿನ ಮೂಲಕ ಕೊಡುವ ಸಲಹೆ ಉಳಿಯಿತು. ಸುಮಾರು 1,200 ಸುಟ್ಟಗಾಯದ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ‘ರಿ-ಎನರ್ಜೈಸ್’ ಪ್ರಯೋಗದಲ್ಲಿ ಅಲ್ಲಿಯೂ ಪ್ರಯೋಜನ ಕಾಣಲಿಲ್ಲ, ರೋಗಿಗಳು ಜೀವಂತವಾಗಿ ಮನೆಗೆ ಮರಳುವ ಅವಧಿ ಕಡಿಮೆಯಾಗಲಿಲ್ಲ.

ಎಚ್‌ಎಂಬಿ

ದೇಹ ಸೇರಿದ ಲ್ಯೂಸಿನ್‌ನಲ್ಲಿ ಸುಮಾರು ಶೇ. 5ರಷ್ಟು ಮಾತ್ರ ಎಚ್‌ಎಂಬಿ ಆಗುತ್ತದೆ. ಪೂರಕದ ರೂಢಿಯ ಪ್ರಮಾಣವಾದ 3 ಗ್ರಾಂ ಎಚ್‌ಎಂಬಿಯನ್ನು ಆಹಾರದಿಂದಲೇ ಪಡೆಯಲು ದಿನಕ್ಕೆ 60 ಗ್ರಾಂ ಲ್ಯೂಸಿನ್ ಬೇಕಾದೀತು, ಅದು ಊಟದಿಂದ ಅಸಾಧ್ಯ. ಮಾರಾಟಗಾರರು ಇದನ್ನೇ ಪುಡಿಯ ಸಮರ್ಥನೆಯಾಗಿ ಹೇಳುತ್ತಾರೆ. ಆದರೆ ಸ್ನಾಯುವಿನ ಪ್ರೋಟೀನ್ ರಚನೆಯನ್ನು ಪ್ರಚೋದಿಸಲು ಲ್ಯೂಸಿನ್ ಎಚ್‌ಎಂಬಿ ಆಗಿ ಮಾರ್ಪಡಬೇಕಾಗಿಲ್ಲ, ಅದು ಸ್ವತಃ ಆ ಕೆಲಸ ಮಾಡುತ್ತದೆ.

ಅಮೆರಿಕದ ಅಯೋವ ರಾಜ್ಯ ವಿಶ್ವವಿದ್ಯಾಲಯದ ಸ್ಟೀವನ್ ನಿಸೆನ್ ಅವರ 1996ರ ಮೂರು ವಾರಗಳ ಪ್ರಯೋಗ ಈ ವಸ್ತುವನ್ನು ಜನಪ್ರಿಯಗೊಳಿಸಿತು. ಅಭ್ಯಾಸವಿಲ್ಲದ ಪುರುಷರಲ್ಲಿ ಸ್ನಾಯು ವಿಘಟನೆಯ ಗುರುತುಗಳು ಕಡಿಮೆಯಾದವು, ಎತ್ತುವ ಭಾರ ಹೆಚ್ಚಿತು. 2014ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವು, ಅನುಭವಿ ಭಾರ ಎತ್ತುಗರು 12 ವಾರಗಳಲ್ಲಿ 7.4 ಕಿಲೋಗ್ರಾಂ ಕೊಬ್ಬುರಹಿತ ತೂಕ ಗಳಿಸಿದರೆಂದೂ ಪ್ಲಸೀಬೊ ಗುಂಪು 2.1 ಕಿಲೋಗ್ರಾಂ ಗಳಿಸಿತೆಂದೂ ವರದಿ ಮಾಡಿತು. ವರ್ಷಗಳಿಂದ ತರಬೇತಿ ಪಡೆದವರಲ್ಲಿ ಇಂತಹ ಬೆಳವಣಿಗೆ ನಂಬಲು ಕಷ್ಟ. 2017ರಲ್ಲಿ ಜೆರೆಮಿ ಜೆಂಟಲ್ಸ್ ಮತ್ತು ಸ್ಟುವರ್ಟ್ ಫಿಲಿಪ್ಸ್ ಈ ಸರಣಿಯ ಪ್ರಕಟಣೆಗಳಲ್ಲಿನ ಅಸಾಂಗತ್ಯಗಳನ್ನು ಪ್ರಶ್ನಿಸಿ ಬರೆದರು. 2019ರಲ್ಲಿ ಪ್ರಕಟವಾದ, ತರಬೇತಿ ಪಡೆದ ಪುರುಷರ ಮೇಲೆ ನಡೆದ ಹನ್ನೆರಡು ವಾರಗಳ ಪ್ರಯೋಗದಲ್ಲಿ ಎಚ್‌ಎಂಬಿಯ ಕ್ಯಾಲ್ಸಿಯಂ ಲವಣವಾಗಲಿ ಮುಕ್ತ ಆಮ್ಲ ರೂಪವಾಗಲಿ ಪ್ಲಸೀಬೊವನ್ನು ಮೀರಲಿಲ್ಲ. 2020ರ ಸಮಗ್ರ ವಿಶ್ಲೇಷಣೆಯೂ ಯುವಜನರ ಬಲದಲ್ಲಾಗಲಿ ದೇಹರಚನೆಯಲ್ಲಾಗಲಿ ಇದರಿಂದ ಸುಧಾರಣೆಯಿಲ್ಲವೆಂದಿತು.

ಹಾಸಿಗೆ ಹಿಡಿದ ವೃದ್ಧರ ವಿಷಯ ಭಿನ್ನ. ಹತ್ತು ದಿನ ಸಂಪೂರ್ಣ ಹಾಸಿಗೆಯಲ್ಲಿರಿಸಿದ ಆರೋಗ್ಯವಂತ ವೃದ್ಧರ 2013ರ ಅಧ್ಯಯನದಲ್ಲಿ ಪ್ಲಸೀಬೊ ಗುಂಪು ಸುಮಾರು 2 ಕಿಲೋಗ್ರಾಂ ಕೊಬ್ಬುರಹಿತ ತೂಕ ಕಳೆದುಕೊಂಡರೆ, ಎಚ್‌ಎಂಬಿ ಗುಂಪು ಕಳೆದುಕೊಂಡುದು 0.17 ಕಿಲೋಗ್ರಾಂ. ಈ ಎರಡನೆಯ ಅಂಕಿ ಒಬ್ಬ ವ್ಯಕ್ತಿಯನ್ನು ಲೆಕ್ಕದಿಂದ ಕೈಬಿಟ್ಟ ಮೇಲಿನದು. ಸೇರಿಸಿಕೊಂಡದ್ದೇ 24 ಮಂದಿಯನ್ನಾದುದರಿಂದ ಒಬ್ಬರ ತೂಕ ಇಲ್ಲಿ ಸಣ್ಣದಲ್ಲ. 2016ರ ‘ನರಿಶ್’ ಪ್ರಯೋಗವು 652 ಮಂದಿ ಅಪೌಷ್ಟಿಕ ವೃದ್ಧ ಒಳರೋಗಿಗಳನ್ನು ಒಳಗೊಂಡಿತ್ತು. ಸಾವು ಅಥವಾ ಮರುದಾಖಲಾತಿ ಎಂಬ ಅದರ ಮುಖ್ಯ ಮಾಪನದಲ್ಲಿ ವ್ಯತ್ಯಾಸ ಬರಲಿಲ್ಲ, ಆದರೆ 90 ದಿನಗಳ ಸಾವು ಶೇ. 9.7ರಿಂದ 4.8ಕ್ಕೆ ಇಳಿದಿತ್ತು. ಇದನ್ನು ಎಚ್‌ಎಂಬಿಯ ಸಾಧನೆಯೆಂದು ಓದುವುದು ತಪ್ಪಾಗುತ್ತದೆ. ರೋಗಿಗಳಿಗೆ ದಿನಕ್ಕೆರಡು ಬಾರಿ ಕೊಟ್ಟ ಪೇಯದ ಪ್ರತಿ ಸರದಿಯಲ್ಲಿ ಎಚ್‌ಎಂಬಿಯೊಂದಿಗೆ 350 ಕಿಲೋಕ್ಯಾಲೊರಿ, 20 ಗ್ರಾಂ ಪ್ರೋಟೀನ್ ಮತ್ತು ಡಿ ಜೀವಸತ್ವವೂ ಇದ್ದವು, ಹೋಲಿಕೆಯ ಪೇಯದಲ್ಲಿದ್ದುದು 48 ಕಿಲೋಕ್ಯಾಲೊರಿ ಮಾತ್ರ. ಪ್ರಾಯೋಜಕರು ಆ ಪೇಯವನ್ನು ತಯಾರಿಸುವ ಅಬಾಟ್ ಸಂಸ್ಥೆಯವರೇ. ಎಚ್‌ಎಂಬಿ, ಗ್ಲುಟಾಮಿನ್ ಮತ್ತು ಆರ್ಜಿನಿನ್ ಮೂರನ್ನೂ ಬೆರೆಸಿ 472 ಮುಂದುವರಿದ ಹಂತದ ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷಿಸಿದ 2008ರ ಪ್ರಯೋಗದಲ್ಲಿ ಸ್ನಾಯು ನಷ್ಟ ತಡೆಯಲು ಅದು ನೆರವಾದದ್ದು ದೃಢಪಡಲಿಲ್ಲ. ಎಷ್ಟೋ ರೋಗಿಗಳು ಅದನ್ನು ಪೂರ್ತಿ ಅವಧಿಯವರೆಗೆ ಸೇವಿಸಲೂ ಇಲ್ಲ.

ಬಳಕೆಯ ಮಿತಿಗಳು

ಆರೋಗ್ಯವಂತರು ಅಲ್ಪಕಾಲ ಈ ಪುಡಿಗಳನ್ನು ಸೇವಿಸಿದ ಪ್ರಯೋಗಗಳಲ್ಲಿ ಗಂಭೀರ ಹಾನಿ ವರದಿಯಾಗಿಲ್ಲ. ರೆಡಾಕ್ಸ್‌ನಲ್ಲಿ ಕಂಡ ಸಾವುಗಳು ಅಂಗವೈಫಲ್ಯದ ರೋಗಿಗಳವು, ಅವನ್ನು ಮುಂದಿಟ್ಟು ಜಿಮ್‌ಗೆ ಹೋಗುವವರನ್ನು ಹೆದರಿಸುವುದೂ ಅದೇ ಬಗೆಯ ತಪ್ಪು ಅನ್ವಯ. ಯಕೃತ್ತಿನ ಅಥವಾ ಮೂತ್ರಪಿಂಡದ ಕಾಯಿಲೆಯಿರುವವರು ಮಾತ್ರ ವೈದ್ಯರನ್ನು ಕೇಳದೆ ಗ್ಲುಟಾಮಿನ್ ಸೇವಿಸಬಾರದು, ಏಕೆಂದರೆ ಅದು ಒಡೆದಾಗ ಅಮೋನಿಯ ಬಿಡುಗಡೆಯಾಗುತ್ತದೆ. ದ್ರಾವಣದಲ್ಲಿ ಗ್ಲುಟಾಮಿನ್ ನಿಧಾನವಾಗಿ ಕೆಡುವುದರಿಂದ ಪುಡಿಯನ್ನು ಕಲಸಿಟ್ಟು ದಿನಗಟ್ಟಲೆ ಬಳಸುವಂತಿಲ್ಲ. ಗ್ಲುಟಾಮಿನ್ ಅಗ್ಗವೂ ಸಾರಜನಕ ಸಮೃದ್ಧವೂ ಆದುದರಿಂದ, ಪ್ರೋಟೀನನ್ನು ಸಾರಜನಕದ ಮೂಲಕ ಅಳೆಯುವ ಪರೀಕ್ಷೆಯಲ್ಲಿ ಅಂಕಿ ಏರಿಸಲು ಕೆಲವೊಮ್ಮೆ ಪ್ರೋಟೀನ್ ಪುಡಿಗಳಿಗೆ ಬೆರೆಸುವುದುಂಟು. ಪ್ರೋಟೀನ್ ಡಬ್ಬಿಯ ಘಟಕಗಳ ಪಟ್ಟಿಯಲ್ಲಿ ಇದು ಪ್ರತ್ಯೇಕವಾಗಿ ನಮೂದಾಗಿದ್ದರೆ, ಮುದ್ರಿತ ಪ್ರೋಟೀನ್ ಪ್ರಮಾಣದಲ್ಲಿ ಇದರ ಪಾಲೂ ಸೇರಿರಬಹುದು.