‘ನವಜೀವನ’ವನ್ನು ಎಷ್ಟು ಬಗೆಯಲ್ಲಿ ಬರೆಯಬಹುದು?

‘ನವಜೀವನ’ದಲ್ಲಿ ಐದು ಅಕ್ಷರಗಳಿವೆ: ನ, ವ, ಜೀ, ವ, ನ. ಅರ್ಥದ ಗೊಡವೆ ಬಿಟ್ಟು ಇವನ್ನು ಅದಲುಬದಲು ಮಾಡುತ್ತಾ ಹೋದರೆ ಎಷ್ಟು ಜೋಡಣೆಗಳು ಸಿಗುತ್ತವೆ? ಐದೂ ಬೇರೆ ಬೇರೆ ಅಕ್ಷರಗಳಾಗಿದ್ದರೆ ಲೆಕ್ಕ ಸಲೀಸು. ಮೊದಲ ಸ್ಥಾನಕ್ಕೆ ಐದು ಆಯ್ಕೆ, ಮುಂದಿನದಕ್ಕೆ ನಾಲ್ಕು, ಹೀಗೆ ಇಳಿಯುತ್ತಾ 5 × 4 × 3 × 2 × 1 = 120. ಆದರೆ ಇಲ್ಲಿ ‘ನ’ ಮತ್ತು ‘ವ’ ಎರಡೆರಡು ಸಲ ಬಂದಿವೆ.

ಒಂದು ‘ನ’ವನ್ನು ಕೆಂಪು ಶಾಯಿಯಲ್ಲೂ ಇನ್ನೊಂದನ್ನು ನೀಲಿಯಲ್ಲೂ ಬರೆದಿದ್ದೇವೆ ಎಂದುಕೊಳ್ಳಿ. ಅವೆರಡರ ಜಾಗ ಬದಲಿಸಿದರೆ ಬಣ್ಣ ಬದಲಾದೀತು, ಓದುವ ಪದ ಬದಲಾಗದು. ಅಂದರೆ 120ರ ಎಣಿಕೆಯಲ್ಲಿ ಪ್ರತಿ ಪದವೂ ‘ನ’ದ ಕಾರಣ ಎರಡು ಸಲ, ‘ವ’ದ ಕಾರಣ ಮತ್ತೆ ಎರಡು ಸಲ, ಒಟ್ಟು ನಾಲ್ಕು ಸಲ ಸೇರಿದೆ. 120ನ್ನು 4ರಿಂದ ಭಾಗಿಸಿದರೆ 30. ನಿಜವಾದ ಜೋಡಣೆಗಳು ಅಷ್ಟೇ.

ಅಕ್ಷರ ಮೂರು ಸಲ ಬಂದರೆ ಮೂರರಿಂದ ಭಾಗಿಸಿಬಿಡುವುದು ವಿದ್ಯಾರ್ಥಿಗಳು ಪದೇ ಪದೇ ಮಾಡುವ ತಪ್ಪು. ಮೂರು ಬಣ್ಣಗಳು ತಮ್ಮತಮ್ಮಲ್ಲೇ ಆರು ಬಗೆಯಲ್ಲಿ ಜಾಗ ಬದಲಿಸುತ್ತವೆ, ಹಾಗಾಗಿ ಭಾಗಿಸಬೇಕಾದದ್ದು ಆರರಿಂದ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ‘ಲೀಲಾವತಿ’ಯ ಅಂಕಪಾಶ ಭಾಗದಲ್ಲಿ ಇಂಥದೇ ಲೆಕ್ಕವಿದೆ. 4, 8, 5, 5, 5 ಈ ಅಂಕಿಗಳಿಂದ ಎಷ್ಟು ಸಂಖ್ಯೆಗಳಾಗುತ್ತವೆ ಎಂಬುದು ಪ್ರಶ್ನೆ. 120ನ್ನು 6ರಿಂದ ಭಾಗಿಸಿದರೆ 20. ಅವರು ಅಲ್ಲಿಗೇ ಬಿಡದೆ ಆ ಇಪ್ಪತ್ತೂ ಸಂಖ್ಯೆಗಳ ಮೊತ್ತವನ್ನೂ ಕೇಳುತ್ತಾರೆ. ಒಂದನ್ನೂ ಬರೆದು ಕೂಡದೆ 11,99,988 ಎಂಬ ಉತ್ತರ ಪಡೆಯುವ ದಾರಿ ತೋರಿಸುವುದು ನನಗೆ ಈಗಲೂ ಬೆರಗು ತರುತ್ತದೆ.

ಈಗ ನಮ್ಮ ಪದಕ್ಕೆ ಒಂದು ನಿರ್ಬಂಧ ಹಾಕೋಣ: ಒಂದೇ ಅಕ್ಷರ ಪಕ್ಕಪಕ್ಕದಲ್ಲಿ ಬರಕೂಡದು. ನೇರವಾಗಿ ಎಣಿಸುವುದಕ್ಕಿಂತ ಬೇಡದ್ದನ್ನು ಎಣಿಸಿ ಕಳೆಯುವುದು ವಾಸಿ. ಎರಡು ‘ನ’ಗಳನ್ನು ಅಂಟಿಸಿ ಒಂದೇ ಅಕ್ಷರವೆಂದು ಭಾವಿಸಿದರೆ ಉಳಿಯುವುದು ನಾಲ್ಕು ಘಟಕ. ಅವುಗಳಲ್ಲಿ ‘ವ’ ಎರಡಿರುವುದರಿಂದ ಜೋಡಣೆಗಳು 24ರ ಅರ್ಧ, 12. ‘ವ’ಗಳು ಅಂಟಿದಾಗಲೂ 12. ಇಲ್ಲಿ ಅವಸರಪಟ್ಟು 30ರಿಂದ 24 ಕಳೆದರೆ 6 ಬರುತ್ತದೆ, ಅದು ತಪ್ಪು. ‘ನನಜೀವವ’ದಂಥ ಪದದಲ್ಲಿ ಎರಡೂ ಜೋಡಿ ಅಂಟಿಕೊಂಡಿವೆ, ಹಾಗಾಗಿ ಅದನ್ನು ಎರಡು ಸಲ ಕಳೆದಂತಾಯಿತು. ಇಂಥವು ಆರು. ಅವನ್ನು ಒಂದು ಸಲ ಮರಳಿ ಕೂಡಿಸಿದರೆ 12.

ಅನುಮಾನವಿದ್ದರೆ ‘ಜೀ’ ಎಲ್ಲಿದೆ ಎಂದು ನೋಡಿ ಪಟ್ಟಿ ಮಾಡಬಹುದು. ಅದು ನಡುವೆ ಇದ್ದಾಗ ನಾಲ್ಕು ಪದಗಳು: ನವಜೀನವ, ನವಜೀವನ, ವನಜೀನವ, ವನಜೀವನ. ಉಳಿದ ನಾಲ್ಕು ಸ್ಥಾನಗಳಲ್ಲಿ ಎಲ್ಲಿದ್ದರೂ ಎರಡೆರಡೇ.